ಗೆಳತಿಯ ಮಗನ ಗಲಾಟೆಯನ್ನು ಅವಳಿಗೆ ಹೇಳಿದ್ದು ಹೀಗೆ

ಭಾನುವಾರ ಸಂಜೆ ನನ್ನ ಗೆಳತಿ ತನ್ನ ಆರು ವರ್ಷದ ಮಗನನ್ನು ಕರೆದುಕೊಂಡು ನಮ್ಮ ಮನೆಗೆ ಬರುತ್ತಾಳೆ. ಅವನಿಗೆ ನಾನು ದೊಡ್ಡಮ್ಮ. ಅಷ್ಟು ಸಲಿಗೆ. ಆದರೆ ಬರಬರುತ್ತಾ ಅವನನ್ನು ಸಂಭಾಳಿಸುವುದು ಕಷ್ಟವಾಯಿತು. ಆಟದ ಸಾಮಾನು ಎಸೆಯುತ್ತಿದ್ದ, ಬೇಡ ಅಂದರೆ ನನ್ನ ಮಗಳಿಗೆ ಹೊಡೆಯುತ್ತಿದ್ದ. ಒಂದು ಸಂಜೆ ನಮ್ಮ ಅತ್ತೆಯ ವಾಕರ್ ಎಳೆದುಬಿಟ್ಟ. ಅವರು ಗೋಡೆ ಹಿಡಿದು ನಿಂತರು. ಇನ್ನು ಹೇಳಲೇಬೇಕು ಅನಿಸಿತು.

ಅವನು ಬಂದು ಸ್ವಲ್ಪ ಹೊತ್ತು ಚೆನ್ನಾಗಿಯೇ ಆಡುತ್ತಿದ್ದ. ಏಳು ಗಂಟೆ ದಾಟಿ ಹಸಿವಾದಾಗ, ನಾವಿಬ್ಬರೂ ಮಾತಿನಲ್ಲಿ ಮುಳುಗಿರುವಾಗ ಗಲಾಟೆ ಶುರು. ಇದನ್ನು ಗಮನಿಸಿಟ್ಟುಕೊಂಡಿದ್ದರಿಂದ ದೂರಿನ ಜೊತೆಗೆ ಬೇರೆ ಮಾತೂ ನನ್ನ ಬಳಿ ಇತ್ತು.

ವಾಟ್ಸಾಪ್‌ನಲ್ಲಿ ಬರೆಯಲಿಲ್ಲ. ಬರೆದ ಮಾತಿನಲ್ಲಿ ದನಿ ಕೇಳಿಸಲ್ಲ, ಅದು ಅವಳ ಮನೆಯವರ ಕಣ್ಣಿಗೆ ಬಿದ್ದರೆ ಬೈಗುಳ ಅವಳಿಗೇ. ಹುಡುಗ ಶಾಲೆಯಲ್ಲಿದ್ದ ಹೊತ್ತು ನೋಡಿ ಪಾರ್ಕಿಗೆ ಕರೆದೆ. ಅಕ್ಕಪಕ್ಕ ನಡೆಯುತ್ತಾ ಇಂಥ ಮಾತು ಆಡುವುದು ಸುಲಭ, ಮುಖ ಮುಖ ನೋಡಬೇಕಾಗಿಲ್ಲ.

"ಒಂದು ವಿಷಯ ಹೇಳ್ತೀನಿ, ಬೇಜಾರು ಮಾಡ್ಕೋಬೇಡ ಕಣೇ. ಹೋದ ಭಾನುವಾರ ನಿನ್ನ ಪುಟ್ಟ ನಮ್ಮ ಅತ್ತೆಯ ವಾಕರ್ ಎಳೆದ. ನಂಗೆ ತುಂಬಾ ಭಯ ಆಯ್ತು. ನೀವಿಬ್ಬರೂ ಬರ್ತಾ ಇರಬೇಕು ಅಂತಾನೇ ಹೇಳ್ತಿದ್ದೀನಿ."

ಹಠಮಾರಿ ಅನ್ನಲಿಲ್ಲ. ನನ್ನ ಮಗಳಿಗೆ ಹೋಲಿಸಲಿಲ್ಲ. ಹೋಲಿಸಿದರೆ ತಾಯಿಗೆ ಕೇಳಿಸುವುದು "ನೀನು ಸರಿಯಾಗಿ ಬೆಳೆಸಿಲ್ಲ" ಅಂತ. ಡಾಕ್ಟರಿಗೆ ತೋರಿಸು ಅಂತಲೂ ಹೇಳಲಿಲ್ಲ. ವಾರಕ್ಕೊಮ್ಮೆ ಸ್ವಲ್ಪ ಹೊತ್ತು ನೋಡಿ ಹೇಳುವ ಮಾತಲ್ಲ ಅದು.

"ಮಕ್ಕಳು ಅಂದ್ಮೇಲೆ ಹಾಗೇ ಅಲ್ವಾ?" ಅಂದಳು. ನಾನು ವಾದಕ್ಕೆ ಇಳಿಯಲಿಲ್ಲ. "ಇರಬಹುದು. ಆದ್ರೆ ಅತ್ತೆ ಬಿದ್ದಿದ್ರೆ?" ಅಂದೆ. ಸ್ವಲ್ಪ ದೂರ ನಡೆದ ಮೇಲೆ "ಮನೇಲಿ ಹೀಗೆ ಮಾಡಿದಾಗ ಏನು ಮಾಡ್ತೀಯಾ?" ಅಂತ ಕೇಳಿದೆ. ಆಗ ಅವಳ ಕಣ್ಣು ತುಂಬಿತು. ಗಂಡ ಬೇರೆ ಊರಿನಲ್ಲಿ, ಒಬ್ಬಳೇ ನಿಭಾಯಿಸಿ ಸಾಕಾಗಿ ಹೋಗಿತ್ತು. ಬೇರೆ ಕಡೆ ಕರೆದುಕೊಂಡು ಹೋಗಿ ಸ್ವಲ್ಪ ಹೊತ್ತು ಕೂರಿಸಿದರೆ ಸಮಾಧಾನವಾಗುತ್ತಾನೆ ಅಂತ ಅವಳೇ ಹೇಳಿದಳು.

ಅಲ್ಲೇ ಮಾತಾಡಿಕೊಂಡೆವು. ನಾಲ್ಕೂವರೆಗೆ ಬರುವುದು, ಬಂದ ಕೂಡಲೇ ಅವನಿಗೆ ತಿಂಡಿ, ಆರೂವರೆಗೆ ಹೊರಡುವುದು. ಹೊಡೆಯಬಾರದು, ವಾಕರ್ ಮುಟ್ಟಬಾರದು ಅಂತ ಬಾಗಿಲಲ್ಲೇ ಅವಳು ನೆನಪಿಸಬೇಕು. ಅವನು ಕೈ ಎತ್ತಿದರೆ ನಾನೂ ತಡೆಯಬಹುದು, ಆದರೆ ಅವನ ಮೇಲೆ ಕಿರುಚಬಾರದು. ಮಗಳಿಗೆ ಇಷ್ಟವಾದ ಸಾಮಾನನ್ನು ನಾನು ಮೊದಲೇ ಬೀರುವಿನಲ್ಲಿ ಇಡುತ್ತೇನೆ.

ಆಮೇಲೆ ಸ್ವಲ್ಪ ದಿನ ಅವಳು ಬರಲಿಲ್ಲ. ನಾನು ಎಂದಿನಂತೆ ಫೋನ್ ಮಾಡುತ್ತಿದ್ದೆ, ಈ ವಿಷಯ ಎತ್ತಲಿಲ್ಲ. ಆಮೇಲೆ ತಾನಾಗಿ ಬಂದಳು. ವಾಕರ್ ಗಲಾಟೆ ನಿಂತಿದೆ. ಹೊಡೆಯುವುದು ಪೂರ್ತಿ ನಿಂತಿಲ್ಲ, ಆದರೆ ಹೊಡೆದ ಕೂಡಲೇ ಅವಳೇ ಎದ್ದು ಅವನನ್ನು ಬಾಲ್ಕನಿಗೆ ಕರೆದುಕೊಂಡು ಹೋಗುತ್ತಾಳೆ.