ಕೋರ್ಟ್ ಆದೇಶ ಕೊಟ್ಟರೂ ಅಧಿಕಾರಿ ಪಾಲಿಸುತ್ತಿಲ್ಲವೇ? ನಿಂದನೆ ಅರ್ಜಿ ಹಾಕುವುದು ಹೀಗೆ

ಹೈಕೋರ್ಟಿನಲ್ಲಿ ಗೆದ್ದು ಬಂದವರು ನ್ಯಾಯಾಂಗ ನಿಂದನೆ ಅರ್ಜಿಯಲ್ಲಿ ಸೋಲುವುದನ್ನು ನಾನು ತುಂಬಾ ನೋಡಿದ್ದೇನೆ. ಅವರ ಬೇಡಿಕೆ ನ್ಯಾಯವಾಗಿಯೇ ಇರುತ್ತದೆ. ಎಡವುವುದು ಅರ್ಜಿ ಹಾಕುವ ಮೊದಲಿನ ತಯಾರಿಯಲ್ಲಿ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ನಿವೃತ್ತ ಶಿಕ್ಷಕರೊಬ್ಬರಿಗೆ ಪಿಂಚಣಿ ಬಾಕಿ ಬರಬೇಕು. 2025ರ ಜನವರಿ 10ರಂದು ಧಾರವಾಡ ಪೀಠ ಆದೇಶ ಕೊಟ್ಟಿದೆ: ಆದೇಶದ ಪ್ರತಿ ಸಿಕ್ಕ ದಿನದಿಂದ ಮೂರು ತಿಂಗಳಲ್ಲಿ ಬಾಕಿ ಪಾವತಿಸಬೇಕು.

ಹಂತ 1: ದೃಢೀಕೃತ ಪ್ರತಿ ತೆಗೆದುಕೊಳ್ಳಿ. ವಕೀಲರ ಮೂಲಕ ಅರ್ಜಿ ಹಾಕಿದರೆ ಸಾಕು.

ಹಂತ 2: ಆದೇಶದ ಕೊನೆಯ ಭಾಗವನ್ನು ಓದಿ. ಎಲ್ಲಕ್ಕಿಂತ ಜಾಸ್ತಿ ಸಮಯ ಕೊಡಬೇಕಾದ ಹಂತ ಇದು. ತೀರ್ಪಿನ ನಡುವೆ ನ್ಯಾಯಮೂರ್ತಿಗಳು ಇಲಾಖೆಯನ್ನು ಎಷ್ಟೇ ಟೀಕಿಸಿರಲಿ, ನಿಂದನೆ ಪೀಠ ನೋಡುವುದು ಕೊನೆಯಲ್ಲಿ ಏನು ಮಾಡಿ ಎಂದು ಹೇಳಿದೆ ಅನ್ನುವುದನ್ನು ಮಾತ್ರ. ಆದೇಶದಲ್ಲಿ ಇಲ್ಲದ್ದನ್ನು ನಿಂದನೆ ಅರ್ಜಿಯಲ್ಲಿ ಕೇಳುವಂತಿಲ್ಲ. ಬಡ್ಡಿ ಕೊಡಿ ಎಂದು ಆದೇಶ ಹೇಳಿಲ್ಲದಿದ್ದರೆ ಬಡ್ಡಿ ಬಂದಿಲ್ಲ ಎಂಬುದು ನಿಂದನೆ ಆಗುವುದಿಲ್ಲ.

ಮುಖ್ಯವಾಗಿ ಹುಡುಕಬೇಕಾದದ್ದು ಒಂದೇ. ಆದೇಶ ‘ಮನವಿಯನ್ನು ಪರಿಗಣಿಸಿ’ ಎನ್ನುತ್ತದೆಯೋ, ‘ಪಾವತಿಸಿ’ ಎನ್ನುತ್ತದೆಯೋ? ಪರಿಗಣಿಸಿ ಎಂದಿದ್ದರೆ, ಅಧಿಕಾರಿ ಮನವಿ ಓದಿ, ಕಾರಣ ಬರೆದು, ‘ನೀವು ಅರ್ಹರಲ್ಲ’ ಎಂದು ಹಿಂಬರಹ ಕೊಟ್ಟುಬಿಡಬಹುದು. ಆ ಹಿಂಬರಹ ತಪ್ಪೇ ಇರಬಹುದು. ಆದರೂ ಆದೇಶ ಪಾಲನೆ ಆಯಿತು ಎಂದೇ ಕೋರ್ಟ್ ಹೇಳುತ್ತದೆ. ತಪ್ಪು ಹಿಂಬರಹವನ್ನು ಪ್ರಶ್ನಿಸಲು ಹೊಸ ರಿಟ್ ಅರ್ಜಿ ಬೇಕು. ಇದು ಗೊತ್ತಿಲ್ಲದೆ ನಿಂದನೆ ಅರ್ಜಿ ಹಿಡಿದು ತಿಂಗಳುಗಟ್ಟಲೆ ಅಲೆಯುವವರಿಗೆ ಲೆಕ್ಕವಿಲ್ಲ.

ಪಾವತಿಸಿ ಎಂದಿದ್ದರೆ ಕಥೆಯೇ ಬೇರೆ. ಆಗ ಅರ್ಹತೆಯ ಪ್ರಶ್ನೆಯನ್ನು ಇಲಾಖೆ ಮತ್ತೆ ತೆರೆಯುವಂತಿಲ್ಲ. 1995ರಲ್ಲಿ ಕರ್ನಾಟಕದ್ದೇ ಒಂದು ಬಡ್ತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹಿರಿಯ ಐಎಎಸ್ ಅಧಿಕಾರಿಯೊಬ್ಬರಿಗೆ ಒಂದು ತಿಂಗಳ ಸಜೆ ವಿಧಿಸಿತು. ಕೋರ್ಟ್ ತೀರ್ಮಾನಿಸಿದ ಮೇಲೆ ನಿಯಮಗಳ ನೆಪ ಹುಡುಕಿ ಆದೇಶದಿಂದ ನುಣುಚಿಕೊಳ್ಳುವಂತಿಲ್ಲ ಎಂಬುದು ಅದರ ತಿರುಳು. ನಮ್ಮ ಶಿಕ್ಷಕರ ಆದೇಶದಲ್ಲಿ ‘ಪಾವತಿಸಬೇಕು’ ಎಂದೇ ಇದೆ. ಅವರ ಕೈ ಗಟ್ಟಿಯಾಗಿದೆ.

ಹಂತ 3: ಪ್ರತಿಯನ್ನು ಅಧಿಕಾರಿಗೆ ಮುಟ್ಟಿಸಿ, ಸಾಕ್ಷಿ ಇಟ್ಟುಕೊಳ್ಳಿ. 1971ರ ನ್ಯಾಯಾಂಗ ನಿಂದನೆ ಕಾಯ್ದೆ ಕೇಳುವುದು ಬೇಕೆಂದೇ ಮಾಡಿದ ಅವಿಧೇಯತೆಯನ್ನು. ಆದೇಶ ಗೊತ್ತೇ ಇರಲಿಲ್ಲ ಎನ್ನುವ ಅಧಿಕಾರಿಯನ್ನು ಬೇಕೆಂದೇ ಪಾಲಿಸಲಿಲ್ಲ ಎನ್ನಲು ಬರುವುದಿಲ್ಲ ಅಲ್ವಾ? ಹಾಗಾಗಿ ನೀವೇ ಕಚೇರಿಗೆ ಹೋಗಿ. ದೃಢೀಕೃತ ಪ್ರತಿಗೆ ಒಂದು ಪುಟದ ಪತ್ರ ಸೇರಿಸಿ ಟಪಾಲು ಶಾಖೆಗೆ ಕೊಡಿ. ನಿಮ್ಮ ಬಳಿ ಉಳಿಯುವ ಪ್ರತಿಯ ಮೇಲೆ ಮೊಹರು, ಸಹಿ, ದಿನಾಂಕ ಹಾಕಿಸಿಕೊಳ್ಳಿ. ದೂರವಿದ್ದರೆ ಸ್ಪೀಡ್ ಪೋಸ್ಟ್ ಮಾಡಿ, ತಲುಪಿದ ದಾಖಲೆಯನ್ನು ಮುದ್ರಿಸಿಟ್ಟುಕೊಳ್ಳಿ. ವಾಟ್ಸ್ಆ್ಯಪಿನಲ್ಲಿ ಪಿಡಿಎಫ್ ಕಳಿಸಿ ಸುಮ್ನೆ ಕೂರಬೇಡಿ. ಅಂಗಡಿಗಳಲ್ಲಿ ಸಿಗುವ ಸಿದ್ಧ ನೋಟಿಸ್ ನಮೂನೆಗಳೂ ಬೇಡ. ‘ಜೈಲಿಗೆ ಕಳಿಸುತ್ತೇವೆ’ ಎಂಬ ಬೆದರಿಕೆ ತುಂಬಿದ ಆ ನಮೂನೆಗಳಲ್ಲಿ ಆದೇಶದ ಸಂಖ್ಯೆ, ಕೊನೆಯ ದಿನಾಂಕಕ್ಕೆ ಜಾಗವೇ ಇರುವುದಿಲ್ಲ.

ಯಾರಿಗೆ ಕೊಡಬೇಕು? ಹಣ ಮಂಜೂರು ಮಾಡುವ ಅಧಿಕಾರ ಯಾರ ಕೈಯಲ್ಲಿದೆಯೋ ಅವರಿಗೆ. ನಿಂದನೆ ಆರೋಪ ಹೊರುವುದು ಕುರ್ಚಿಯಲ್ಲ, ಹೆಸರಿರುವ ಮನುಷ್ಯ. ಅವರಿಗೆ ವರ್ಗವಾದರೆ ಹೊಸಬರಿಗೆ ಮತ್ತೆ ಪ್ರತಿ ಕೊಡಿ. ಮುಖ್ಯ ಕಾರ್ಯದರ್ಶಿಯಿಂದ ಗುಮಾಸ್ತರವರೆಗೆ ಎಲ್ಲರನ್ನೂ ಎಳೆಯುವುದು ನನಗೆ ಒಪ್ಪಿಗೆಯಿಲ್ಲ. ಹತ್ತು ಹೆಸರು ಹಾಕಿದರೆ ಹತ್ತೂ ಜನ ಪಕ್ಕದವರತ್ತ ಕೈ ತೋರಿಸುತ್ತಾರೆ.

ಹಂತ 4: ದಿನ ಎಣಿಸಿ. ಶಿಕ್ಷಕರು ಪ್ರತಿ ಕೊಟ್ಟಿದ್ದು 2025ರ ಫೆಬ್ರುವರಿ 3ರಂದು. ಗಡುವು ಮುಗಿದಿದ್ದು ಮೇ 3ಕ್ಕೆ. ಅದಕ್ಕೂ ಮೊದಲು ಅರ್ಜಿ ಹಾಕಿದರೆ ಅವಸರದ ಅರ್ಜಿ ಎಂದು ತಿರಸ್ಕಾರವಾಗುತ್ತದೆ. ಇನ್ನೊಂದು ತುದಿಯಲ್ಲಿ ಕಾಯ್ದೆಯ 20ನೇ ಕಲಮು ಒಂದು ವರ್ಷದ ಮಿತಿ ಹಾಕಿದೆ. ಅಂದರೆ 2026ರ ಮೇ 3ರೊಳಗೆ ಅರ್ಜಿ ಸಲ್ಲಿಕೆಯಾಗಬೇಕು. ಮಧ್ಯೆ ನೀವು ಕಳಿಸುವ ನೆನಪೋಲೆಗಳಿಂದ ಈ ಮಿತಿ ಮುಂದಕ್ಕೆ ಹೋಗುವುದಿಲ್ಲ. ‘ಫೈಲು ಮೇಲೆ ಹೋಗಿದೆ’ ಎಂಬ ಮಾತು ನಂಬಿ ವರ್ಷ ಕಳೆದುಕೊಳ್ಳಬೇಡಿ.

ಗಡುವು ಮುಗಿದ ಮೇಲೆ ವಕೀಲರಿಂದ ಒಂದು ನೋಟಿಸ್ ಕೊಡಿಸಿ, ಹದಿನೈದು ದಿನ ಕಾಯಿರಿ. ಇದು ಕಡ್ಡಾಯವಲ್ಲ. ಆದರೂ ಕೊಡಿಸಲೇಬೇಕು ಎನ್ನುತ್ತೇನೆ. ಅದಕ್ಕೂ ಉತ್ತರ ಬರದಿದ್ದರೆ ಅಧಿಕಾರಿಯ ಮನಸ್ಸು ಕೋರ್ಟಿಗೆ ಅರ್ಥವಾಗುತ್ತದೆ.

ಹಂತ 5: ಅರ್ಜಿ ಸಲ್ಲಿಸಿ. ಕರ್ನಾಟಕ ಹೈಕೋರ್ಟಿನಲ್ಲಿ ಇದಕ್ಕೆ ಸಿಸಿಸಿ, ಅಂದರೆ ಸಿವಿಲ್ ನಿಂದನೆ ಅರ್ಜಿ ಎಂಬ ಹೆಸರಿನಡಿ ಸಂಖ್ಯೆ ಸಿಗುತ್ತದೆ. ಆದೇಶ ಪಾಲಿಸದಿರುವ ಈ ಬಗೆಯ ನಿಂದನೆಗೆ ಅಡ್ವೊಕೇಟ್ ಜನರಲ್ ಅನುಮತಿ ಬೇಕಿಲ್ಲ.

ಹಂತ 6: ವಿಚಾರಣೆಯಲ್ಲಿ ಏನಾಗುತ್ತದೆ? ಮೊದಲ ದಿನವೇ ಅಧಿಕಾರಿಯನ್ನು ಕಟಕಟೆಗೆ ತರುತ್ತಾರೆ ಎಂದುಕೊಂಡು ಬರುವವರಿದ್ದಾರೆ. ಹಾಗಾಗುವುದಿಲ್ಲ, ಆಗಲೂಬಾರದು. ಉತ್ತರ ಪ್ರದೇಶದ ಇಬ್ಬರು ಅಧಿಕಾರಿಗಳನ್ನು ಹೈಕೋರ್ಟ್ ವಶಕ್ಕೆ ತೆಗೆದುಕೊಂಡ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2024ರ ಜನವರಿ 3ರಂದು ಆ ಆದೇಶಗಳನ್ನು ರದ್ದು ಮಾಡಿತು. ಅಧಿಕಾರಿಗಳನ್ನು ಕರೆಸುವುದಕ್ಕೆ ಮಾರ್ಗಸೂಚಿಯನ್ನೂ ಕೊಟ್ಟಿತು. ಮಾತುಮಾತಿಗೆ ಖುದ್ದು ಹಾಜರಿ ಕೇಳಬಾರದು, ಕರೆಸಬೇಕಾದರೆ ವಿಡಿಯೊ ಮೂಲಕ ಹಾಜರಾಗಲು ಮೊದಲು ಅವಕಾಶ ಕೊಡಬೇಕು, ಉಡುಪಿನ ಬಗ್ಗೆ ಅವಮಾನಿಸಬಾರದು, ಪಾಲನೆಗೆ ಹೆಚ್ಚು ಸಮಯ ಕೇಳಿದರೆ ಆ ಕೋರಿಕೆಯನ್ನು ಪರಿಶೀಲಿಸಬಹುದು ಎಂದು ಅದು ಹೇಳುತ್ತದೆ.

ಆದ್ದರಿಂದ ಮೊದಲು ನೋಟಿಸ್, ಆಮೇಲೆ ಅಧಿಕಾರಿಯ ಅಫಿಡವಿಟ್. ಇಲ್ಲಿ ಕೋರ್ಟ್ ಕಡತದ ಚಲನೆ ನೋಡುತ್ತದೆ. ಅಧಿಕಾರಿ ಫೆಬ್ರುವರಿಯಲ್ಲೇ ಪ್ರಸ್ತಾವ ಕಳಿಸಿದ್ದು, ಹಣಕಾಸು ಇಲಾಖೆಯಲ್ಲಿ ಅದು ನಿಂತಿದ್ದರೆ, ಅವರನ್ನು ತಪ್ಪಿತಸ್ಥ ಎನ್ನುವುದು ಅನ್ಯಾಯ. ಆಗ ಸಮಯ ಸಿಗುತ್ತದೆ. ಅದೇ ಕಡತ ಅವರ ಮೇಜಿನ ಮೇಲೇ ಇದ್ದು, ನಿಂದನೆ ನೋಟಿಸ್ ಬಂದ ಮರುದಿನ ಓಡಿದ್ದರೆ, ವಿವರಣೆ ಕಷ್ಟವಾಗುತ್ತದೆ. ಮೇಲ್ಮನವಿ ಹಾಕಿದ್ದೇವೆ ಎಂಬ ಉತ್ತರವೂ ಬರುತ್ತದೆ. ‘ತಡೆಯಾಜ್ಞೆ ಇದೆಯೇ?’ ಎಂದು ನಿಮ್ಮ ವಕೀಲರು ಕೇಳಲಿ. ಬರೀ ಮೇಲ್ಮನವಿ ಹಾಕಿದ ಮಾತ್ರಕ್ಕೆ ಆದೇಶ ನಿಲ್ಲುವುದಿಲ್ಲ.

ಹೆಚ್ಚಿನ ಪ್ರಕರಣಗಳು ಈ ಹಂತದಲ್ಲೇ ಹಣ ಪಾವತಿಯಾಗಿ ಮುಗಿಯುತ್ತವೆ. ಲೆಕ್ಕ ತಾಳೆ ನೋಡಿ, ಆಮೇಲೇ ಒಪ್ಪಿಕೊಳ್ಳಿ. ಮುಗಿಯದಿದ್ದರೆ ಕೋರ್ಟ್ ಆರೋಪ ಹೊರಿಸುತ್ತದೆ. ಕಾಯ್ದೆಯ ಪ್ರಕಾರ ಗರಿಷ್ಠ ಶಿಕ್ಷೆ ಆರು ತಿಂಗಳ ಸಾದಾ ಸಜೆ, 2,000 ರೂಪಾಯಿ ದಂಡ, ಅಥವಾ ಎರಡೂ. ಪ್ರಾಮಾಣಿಕ ಕ್ಷಮೆಗೆ ಬೆಲೆಯಿದೆ. ಆದರೆ ಆದೇಶ ಪಾಲಿಸದೆ ಬರೀ ಕ್ಷಮೆ ಕೇಳಿದರೆ ಅದನ್ನು ಒಪ್ಪಿಸುವುದು ಕಷ್ಟ.

2025ರ ಮೇ ತಿಂಗಳ ಒಂದು ತೀರ್ಪು ಇಲ್ಲಿ ನೆನಪಿಡಬೇಕು. ಆಂಧ್ರದ ಅಧಿಕಾರಿಯೊಬ್ಬರು ಹೈಕೋರ್ಟ್ ಆದೇಶವಿದ್ದರೂ ಬಡವರ ಗುಡಿಸಲು ಕೆಡವಿಸಿದ್ದರು. ಹೈಕೋರ್ಟ್ ಎರಡು ತಿಂಗಳ ಸಜೆ ಕೊಟ್ಟಿತ್ತು. ಸುಪ್ರೀಂ ಕೋರ್ಟ್ ಅವರು ತಪ್ಪಿತಸ್ಥರು ಎಂಬುದನ್ನು ಎತ್ತಿಹಿಡಿದು, ಕಾಯ್ದೆಯ ಆ ಮಿತಿಗೆ ನಿಲ್ಲದೆ, ಸಜೆಯ ಬದಲು ಡೆಪ್ಯುಟಿ ಕಲೆಕ್ಟರ್ ಹುದ್ದೆಯಿಂದ ತಹಶೀಲ್ದಾರ್ ಹುದ್ದೆಗೆ ಇಳಿಸಿ, ಒಂದು ಲಕ್ಷ ರೂಪಾಯಿ ದಂಡ ಹಾಕಿತು. ಜೈಲಾದರೆ ಕೆಲಸವೇ ಹೋಗಿ ಅವರ ಮನೆಯವರು ಬೀದಿಗೆ ಬರುತ್ತಾರೆ ಎಂಬುದನ್ನು ಕೋರ್ಟ್ ಗಮನಿಸಿತ್ತು. ನನ್ನ ಮಟ್ಟಿಗೆ ಇದು ಸರಿಯಾದ ಅಳತೆ.

ಹಂತ 7: ಅರ್ಜಿ ವಜಾ ಆದರೆ? ಕಾಯ್ದೆಯ 19ನೇ ಕಲಮಿನಡಿ ಮೇಲ್ಮನವಿ ಇರುವುದು ಶಿಕ್ಷೆಯಾದವರಿಗೆ ಮಾತ್ರ. ನಿಂದನೆಯಾಗಿಲ್ಲ ಎಂದು ಹೈಕೋರ್ಟ್ ಕೈಬಿಟ್ಟರೆ ಅರ್ಜಿದಾರರಿಗೆ ಆ ಕಲಮಿನಡಿ ಮೇಲ್ಮನವಿ ಇಲ್ಲ. ಸುಪ್ರೀಂ ಕೋರ್ಟಿನ ವಿಶೇಷ ಅನುಮತಿ ಕೇಳಬೇಕಾಗುತ್ತದೆ. ಎರಡನೇ ಮತ್ತು ಮೂರನೇ ಹಂತಗಳ ಕಾಗದ ಗಟ್ಟಿಯಾಗಿರಬೇಕು ಎಂದು ನಾನು ಹಟ ಹಿಡಿಯುವುದು ಅದಕ್ಕೇ.