ಗೋದಾಮಿನ ತೊಗರಿಗೆ ದರ ಹಚ್ಚುವುದು: ಹೊಸ ಸ್ಟೋರ್ ಮ್ಯಾನೇಜರ್‌ಗೆ ನಾನು ಹೇಳಿಕೊಟ್ಟ ಬಗೆ

ಕಲಬುರಗಿಯ ಒಂದು ದಾಲ್ ಮಿಲ್ಲಿನಲ್ಲಿ ನಾನು ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಹಿಂದಿನ ಸುಗ್ಗಿಯಲ್ಲಿ ನಮ್ಮ ಸ್ಟೋರ್‌ಗೆ ಹೊಸ ಮ್ಯಾನೇಜರ್ ನೇಮಕವಾದ. ಹೊರಗಿನವನೇನಲ್ಲ, ಏಳೆಂಟು ವರ್ಷ ನಮ್ಮದೇ ತೂಕದ ಕಾಟಾ ನೋಡಿಕೊಂಡಿದ್ದ ಹುಡುಗ. ಚೀಲದೊಳಗೆ ಕೈ ಹಾಕಿ ತೊಗರಿ ಹಸಿ ಇದೆಯೋ ಒಣಗಿದೆಯೋ ಹೇಳಬಲ್ಲ. ಎಷ್ಟು ಚೀಲ ಬಂತು, ಎಷ್ಟು ಹೋಯಿತು ಎಂಬುದರಲ್ಲಿ ಅವನ ಲೆಕ್ಕ ಒಂದು ಕಿಲೋ ಆಚೀಚೆ ಆಗುತ್ತಿರಲಿಲ್ಲ. ಆದರೆ ಬ್ಯಾಂಕಿಗೆ ತಿಂಗಳಿಗೊಮ್ಮೆ ಕಳಿಸುವ ಸ್ಟಾಕ್ ಸ್ಟೇಟ್‌ಮೆಂಟ್‌ನಲ್ಲಿ ದರ ಮತ್ತು ಮೊತ್ತದ ಎರಡು ಕಾಲಂ ಇರುತ್ತವೆ. ಮೊದಲ ತಿಂಗಳು ಅವನು ಆ ಎರಡನ್ನೂ ಖಾಲಿ ಬಿಟ್ಟು ತಂದುಕೊಟ್ಟ.

"ಸರ್, ಚೀಲ ಎಣಿಸೀನಿ, ಬರ್ದೀನಿ. ದರ ಯಾವ್ದು ಹಾಕ್ಬೇಕ್ರಿ? ಒಂದೊಂದು ಲಾರಿ ಒಂದೊಂದು ದರಕ್ಕ ಬಂದದ."

ಪ್ರಶ್ನೆಯ ಗಂಟು ಅಲ್ಲೇ ಇದೆ. ಮಾಲು ಒಂದೇ, ಕೊಂಡ ದರ ಬೇರೆಬೇರೆ. ಅರೆಯಲು ಕೊಟ್ಟ ತೊಗರಿಗೆ ಯಾವ ದರ ಹಚ್ಚಬೇಕು, ಉಳಿದದ್ದಕ್ಕೆ ಯಾವುದು? ಮೊದಲ ದಿನ ನಾನು ವ್ಯಾಖ್ಯೆಗಳಿಂದ ಶುರು ಮಾಡಿದೆ, ಅವನ ಮುಖದಲ್ಲಿ ಏನೂ ಮೂಡಲಿಲ್ಲ. ಮರುದಿನ ಅವನನ್ನು ಗೋದಾಮಿಗೇ ಕರೆದುಕೊಂಡು ಹೋದೆ. ಕೈಯಲ್ಲಿ ಸೀಮೆಸುಣ್ಣ ಮತ್ತು ಎರಡು ಖಾಲಿ ಕಾರ್ಡು.

ಲೆಕ್ಕ ಸುಲಭವಾಗಲೆಂದು ದುಂಡಗಿನ ಅಂಕಿ ಹಿಡಿದೆ. ತಿಂಗಳ ಮೊದಲ ದಿನ ಗೋದಾಮಿನಲ್ಲಿ 100 ಕ್ವಿಂಟಲ್ ತೊಗರಿ, ಕ್ವಿಂಟಲ್‌ಗೆ 7,000 ರೂಪಾಯಿ. 10ನೇ ತಾರೀಖು ಗಂಜ್‌ನಿಂದ 300 ಕ್ವಿಂಟಲ್ ಬಂತು, 7,400ರಂತೆ. ಈ 7,400 ಅನ್ನುವುದು ಸವಾಲಿನಲ್ಲಿ ಕೂಗಿದ ದರ ಅಲ್ಲ ಎಂದು ಅಲ್ಲೇ ಹೇಳಿದೆ. ಅದಕ್ಕೆ ಮಾರುಕಟ್ಟೆ ಶುಲ್ಕ, ಹಮಾಲಿ, ಗೋದಾಮಿನವರೆಗಿನ ಲಾರಿ ಬಾಡಿಗೆ ಎಲ್ಲ ಕೂಡಿಸಿದ ಮೇಲೆ ನಮಗೆ ಬಿದ್ದ ದರ. ಮಾಲು ಬಂದ ಮೇಲೆ ಸುಮ್ಮನೆ ಇಟ್ಟುಕೊಂಡದ್ದಕ್ಕೆ ತಗಲುವ ಗೋದಾಮಿನ ಬಾಡಿಗೆ ಇದರಲ್ಲಿ ಸೇರುವುದಿಲ್ಲ.

15ಕ್ಕೆ ಮಿಲ್ಲಿಗೆ 250 ಕ್ವಿಂಟಲ್ ಕೊಟ್ಟೆವು. ಇದಕ್ಕೆ ದರ ಏನು?

ಮೊದಲ ಕಾರ್ಡು 'ಮೊದಲು ಬಂದದ್ದು ಮೊದಲು ಹೊರಗೆ' ಎಂಬ ಪದ್ಧತಿಯದು, ನಾವೆಲ್ಲ ಫಿಫೋ ಅನ್ನುವುದು ಇದಕ್ಕೇ. ಒಂದು ಸಾಲಿನ ಚೀಲಗಳ ಮೇಲೆ ಸೀಮೆಸುಣ್ಣದಿಂದ 7,000 ಎಂದೂ ಇನ್ನೊಂದರ ಮೇಲೆ 7,400 ಎಂದೂ ಬರೆದೆ. 250 ಕೊಡಬೇಕಾದರೆ ಮೊದಲು ಹಳೆಯ 100 ಮುಗಿಯಬೇಕು, ಅದು 7 ಲಕ್ಷ. ಉಳಿದ 150 ಹೊಸ ಸಾಲಿನಿಂದ, 7,400ರಂತೆ 11,10,000. ಒಟ್ಟು 18,10,000 ರೂಪಾಯಿಯ ಮಾಲು ಮಿಲ್ಲಿಗೆ ಹೋಯಿತು. ಗೋದಾಮಿನಲ್ಲಿ 150 ಕ್ವಿಂಟಲ್ ಉಳಿಯಿತು, ಎಲ್ಲವೂ 7,400ರದ್ದು. ಇದು ಅವನಿಗೆ ಎರಡು ನಿಮಿಷದಲ್ಲಿ ತಿಳಿಯಿತು.

ಎರಡನೆಯ ಕಾರ್ಡು ವೇಟೆಡ್ ಆವರೇಜ್, ಅಂದರೆ ತೂಕ ಹಿಡಿದು ತೆಗೆದ ಸರಾಸರಿ. ಇಲ್ಲಿ ಚೀಲದ ಮೇಲೆ ಬರೆಯುವುದಕ್ಕೆ ಏನೂ ಇಲ್ಲ. ಎರಡೂ ಲಾಟಿನ ಚೀಲ ಬಿಚ್ಚಿ ಒಂದೇ ರಾಶಿ ಮಾಡಿದೆವು ಅಂದುಕೋ ಎಂದೆ. ಯಾವ ಕಾಳು ಯಾವ ಲಾರಿಯದು ಎಂದು ಇನ್ನು ಯಾರೂ ಹೇಳಲಾರರು, ಹಾಗಾಗಿ ರಾಶಿಗೆಲ್ಲ ಒಂದೇ ದರ. ಆ ದರ ನೀನೇ ತೆಗಿ ಎಂದೆ.

ಅವನು ತಟ್ಟನೆ ಹೇಳಿದ: "7,000 ಮತ್ತ 7,400 ಕೂಡ್ಸಿ ಎರಡ್ರಿಂದ ಭಾಗಿಸಿದ್ರ 7,200 ರಿ."

ಹೊಸಬರೆಲ್ಲ ಇಲ್ಲೇ ಎಡವುತ್ತಾರೆ, ಕೆಲವು ಹಳಬರೂ. ತಪ್ಪು ಎಂದು ಬಾಯಲ್ಲಿ ಹೇಳದೆ ಅವನ ದರದಲ್ಲೇ ಕಾರ್ಡು ತುಂಬಿಸಿದೆ. ರಾಶಿಯ ಒಟ್ಟು ಬೆಲೆ 7 ಲಕ್ಷ ಮತ್ತು 22,20,000 ಸೇರಿ 29,20,000. ಅವನ ಲೆಕ್ಕದಲ್ಲಿ 250 ಕ್ವಿಂಟಲ್ 7,200ರಂತೆ 18 ಲಕ್ಷಕ್ಕೆ ಹೊರಗೆ ಹೋಯಿತು. ಉಳಿದದ್ದು 11,20,000, ಅದು 150 ಕ್ವಿಂಟಲ್‌ಗೆ. ಈಗ ಉಳಿಕೆಯ ದರ ತೆಗಿ ಎಂದೆ. ಅವನು ಮೊಬೈಲ್‌ನಲ್ಲಿ ಒತ್ತಿ ನೋಡಿ ಸುಮ್ಮನಾದ. 7,466 ರೂಪಾಯಿ ಬಂದಿತ್ತು.

"ಇಷ್ಟಕ್ಕ ನಾವು ಕೊಂಡೇ ಇಲ್ಲಲ್ರಿ ಸರ್!"

ನನಗೆ ಬೇಕಾಗಿದ್ದ ಮಾತು ಅದೇ. 7,000ಕ್ಕೂ 7,400ಕ್ಕೂ ಕೊಂಡ ಮಾಲನ್ನು ಕೂಡಿಸಿದರೆ ದರ ಆ ಎರಡರ ನಡುವೆಯೇ ನಿಲ್ಲಬೇಕು, ಕೊಟ್ಟಷ್ಟನ್ನು ಅದೇ ದರಕ್ಕೆ ಕಳೆದರೆ ಉಳಿದದ್ದೂ ಅಲ್ಲೇ ನಿಲ್ಲಬೇಕು. ಹೊರಗೆ ಹಾರಿತೆಂದರೆ ಎಲ್ಲೋ ತಪ್ಪಾಗಿದೆ. ಸರಿಯಾದ ಲೆಕ್ಕ ಸರಳ: ಒಟ್ಟು ಬೆಲೆ 29,20,000 ಭಾಗಿಸು ಒಟ್ಟು ತೂಕ 400, ದರ 7,300. ಹೊಸ ಲಾಟು ಮೂರು ಪಟ್ಟು ದೊಡ್ಡದು, ಅದಕ್ಕೇ ದರ 7,400ರ ಕಡೆಗೆ ವಾಲಿದೆ. ಮನೆಯಲ್ಲಿ ಜಳಕಕ್ಕೆ ಒಂದು ಕೊಡ ಕುದಿಯುವ ನೀರಿಗೆ ಮೂರು ಕೊಡ ತಣ್ಣೀರು ಬೆರೆಸಿದರೆ ಬಿಸಿ ಅರ್ಧಕ್ಕೆ ನಿಲ್ಲುತ್ತದೇನು ಎಂದು ಕೇಳಿದೆ. ಆಮೇಲೆ ಅವನು ದರಗಳನ್ನು ಕೂಡಿಸಿ ಭಾಗಿಸಲು ಹೋಗಲಿಲ್ಲ. 250 ಕ್ವಿಂಟಲ್ 7,300ರಂತೆ 18,25,000ಕ್ಕೆ ಹೋಯಿತು, 150 ಕ್ವಿಂಟಲ್ 10,95,000ಕ್ಕೆ ಉಳಿಯಿತು.

ಮುಂದೆ 20ಕ್ಕೆ ಇನ್ನೂ 150 ಕ್ವಿಂಟಲ್, 7,900ರಂತೆ, ಬೆಲೆ 11,85,000. 25ಕ್ಕೆ ಮಿಲ್ಲಿಗೆ 200 ಕ್ವಿಂಟಲ್. ಫಿಫೋ ಕಾರ್ಡಿನಲ್ಲಿ ಅವನೇ ಬರೆದ: 150 ಹಳೆಯದು 7,400ರದ್ದು, 50 ಹೊಸದು 7,900ರದ್ದು, ಒಟ್ಟು 15,05,000. ತಿಂಗಳ ಕೊನೆಗೆ ಉಳಿದ 100 ಕ್ವಿಂಟಲ್ 7,900ರಂತೆ 7,90,000. ಸರಾಸರಿ ಕಾರ್ಡಿನಲ್ಲಿ ಹೊಸ ಮಾಲು ಬಂದ ದಿನವೇ ದರ ಬದಲಾಗುತ್ತದೆ, ಕೊಟ್ಟ ದಿನ ಬದಲಾಗುವುದಿಲ್ಲ. 10,95,000ಕ್ಕೆ 11,85,000 ಸೇರಿ 22,80,000, ತೂಕ 300, ದರ 7,600. ಕೊಟ್ಟದ್ದು 15,20,000, ಉಳಿದ 100 ಕ್ವಿಂಟಲ್ 7,60,000.

ಎರಡು ಕಾರ್ಡುಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಅವನು ಬಹಳ ಹೊತ್ತು ನೋಡಿದ. "ಚೀಲ ಅವೇ, ತೂಕ ಅದೇ. ಇದ್ರಾಗ 30 ಸಾವಿರ ಕಡಿಮಿ ಅದ. ಆ ರೊಕ್ಕ ಎಲ್ಲಿ ಹೋಯ್ತ್ರಿ?"

ಎಲ್ಲೂ ಹೋಗಿಲ್ಲ, ತಮ್ಮಾ, ಎಂದೆ. ಕೊಂಡದ್ದೆಲ್ಲ ಸೇರಿ 41,05,000. ಫಿಫೋದಲ್ಲಿ ಮಿಲ್ಲಿಗೆ ಹೋದದ್ದು 33,15,000, ಉಳಿದದ್ದು 7,90,000. ಸರಾಸರಿಯಲ್ಲಿ ಹೋದದ್ದು 33,45,000, ಉಳಿದದ್ದು 7,60,000. ಎರಡನ್ನೂ ಕೂಡಿಸು, ಅದೇ 41,05,000. ಆ 30 ಸಾವಿರ ಒಂದು ಕಾರ್ಡಿನಲ್ಲಿ ಈಗಾಗಲೇ ಬೇಳೆಯ ಖರ್ಚಿಗೆ ಸೇರಿದೆ, ಇನ್ನೊಂದರಲ್ಲಿ ಇನ್ನೂ ಗೋದಾಮಿನಲ್ಲಿ ಕೂತಿದೆ. ಆ ಮಾಲು ಅರೆದ ದಿನ ಅಲ್ಲಿಯೂ ಖರ್ಚಾಗುತ್ತದೆ. ದರ ಏರುತ್ತಿರುವಾಗ ಫಿಫೋದಲ್ಲಿ ಉಳಿಕೆಯ ಬೆಲೆಯೂ ಆ ತಿಂಗಳ ಲಾಭವೂ ಹೆಚ್ಚು ಕಾಣುತ್ತವೆ. ಡಿಸೆಂಬರ್‌ನಿಂದ ಹೊಸ ತೊಗರಿ ಗಂಜ್‌ಗೆ ಬಂದು ದರ ಇಳಿಯತೊಡಗಿದರೆ ಇದು ತಿರುವುಮುರುವು. ಅದಕ್ಕೇ ಒಂದು ವರ್ಷ ಇದು, ಇನ್ನೊಂದು ವರ್ಷ ಅದು ಎಂದು ಅನುಕೂಲ ನೋಡಿ ಪದ್ಧತಿ ಬದಲಿಸುವ ಹಾಗಿಲ್ಲ. ಹೀಗೆ ಒಂದರಂತೆ ಇನ್ನೊಂದಿರುವ ಮಾಲಿಗೆ ನಮ್ಮ ದೇಶದ ಲೆಕ್ಕಪತ್ರ ಮಾನದಂಡ ಎಎಸ್ 2 ಒಪ್ಪುವುದು ಈ ಎರಡು ಪದ್ಧತಿಗಳನ್ನೇ. ಕೊನೆಗೆ ಬಂದದ್ದು ಮೊದಲು ಹೋಯಿತು ಎಂದು ಹಿಡಿಯುವುದಕ್ಕೆ ಅಲ್ಲಿ ಜಾಗವಿಲ್ಲ. ನಮ್ಮ ಮಿಲ್ಲಿನಲ್ಲಿ ವೇಟೆಡ್ ಆವರೇಜ್ ನಡೆಯುತ್ತದೆ. ದಿನಾ ಹತ್ತಾರು ರೈತರಿಂದ, ಅಡತಿಯವರಿಂದ ಸಣ್ಣಸಣ್ಣ ಲಾಟು ಬರುವ ಕಡೆ ಅದೇ ಸರಿ ಎಂಬುದು ನನ್ನ ಅಭಿಪ್ರಾಯ. ಇಷ್ಟೊಂದು ಲಾಟುಗಳಿಗೆ ಬೇರೆಬೇರೆ ದರ ಹಿಡಿದುಕೊಂಡು ಹೋಗುವುದು ಬಹಳ ತ್ರಾಸಿನ ಕೆಲಸ.

ಇಷ್ಟಾದ ಮೇಲೂ ಅವನಿಗೆ ಒಂದು ಅನುಮಾನ ಉಳಿದಿತ್ತು. ನಮ್ಮ ಗೋದಾಮಿಗೆ ಒಂದೇ ಬಾಗಿಲು. ಹೊಸ ಲಾರಿ ಬಂದಾಗ ಹಮಾಲರು ಹಳೆಯ ಚೀಲಗಳ ಮುಂದೆಯೇ ಒಟ್ಟುತ್ತಾರೆ, ಮಿಲ್ಲಿಗೆ ಬೇಕಾದಾಗ ಮುಂದಿನದೇ ಎತ್ತುತ್ತಾರೆ. "ಖರೆ ಅಂದ್ರ ಹೊಸಾದೇ ಮೊದಲ ಹೋಗ್ತದ ಸರ್. ಕಾರ್ಡಿನಾಗ ಹಳೇದು ಹೋಯ್ತು ಅಂತ ಬರದ್ರ ಸುಳ್ಳಾಗ್ತದಲ್ರಿ?" ಒಳ್ಳೆಯ ಪ್ರಶ್ನೆ. ಫಿಫೋ ಆಗಲಿ ಸರಾಸರಿ ಆಗಲಿ, ದರ ಹಂಚುವುದಕ್ಕೆ ಇಟ್ಟುಕೊಂಡ ಕಟ್ಟಳೆ. ಚೀಲ ಎತ್ತುವ ಕ್ರಮ ಬೇರೆ ವಿಷಯ, ಎರಡೂ ಒಂದೇ ಆಗಿರಬೇಕೆಂದಿಲ್ಲ. ಆದರೆ ಹಿಂದಿನ ಚೀಲ ಅಲ್ಲೇ ಕೂತರೆ ನುಸಿ ಹತ್ತುತ್ತದೆ. ಫಿಫೋ ಕಾರ್ಡು 'ಉಳಿದ 100 ಕ್ವಿಂಟಲ್ ಹೊಚ್ಚ ಹೊಸದು, 7,900ರದ್ದು' ಎನ್ನುತ್ತಿರುವಾಗ ಗೋಡೆಯ ಬದಿಗೆ ತೂತುಬಿದ್ದ ಕಾಳು ಇರಬಹುದು. ಅದರಿಂದ ತಯಾರಾದ ಬೇಳೆ ಖರ್ಚಿಗಿಂತ ಕಡಿಮೆಗೆ ಮಾರಾಟವಾಗುವಂತಿದ್ದರೆ ಆ ತೊಗರಿಯ ಬೆಲೆಯನ್ನು ಇಳಿಸಿ ಬರೆಯಬೇಕು. ಕಾರ್ಡು ನೋಡಿ ಕೂತ ನನಗೆ ಅದು ಗೊತ್ತಾಗುವುದಿಲ್ಲ, ಚೀಲ ಮುಟ್ಟುವ ಅವನೇ ಬಂದು ಹೇಳಬೇಕು. ಅವತ್ತೇ ಅವನು ಗೋದಾಮಿನ ನಡುವೆ ಒಂದು ಓಣಿ ಬಿಡಿಸಿ, ಹಳೆಯ ಸಾಲಿಗೆ ಹೋಗಲು ದಾರಿ ಮಾಡಿಸಿದ.

ಎರಡು ತಿಂಗಳ ಮೇಲೆ ಒಂದು ಸಂಜೆ ಅವನೇ ನನ್ನ ಟೇಬಲ್ ಹತ್ತಿರ ಬಂದ. "ಸರ್, ಕಂಪ್ಯೂಟರ್‌ನಾಗ ಉಳಿಕಿ ದರ ಹಾರ್ಯಾದ. ನಾವು ಕೊಂಡ ಯಾವ ದರಕ್ಕಿಂತಾನೂ ಮ್ಯಾಲದ." ಅವತ್ತಿನ ನಿಜವಾದ ಅಂಕಿಗಳ ಬದಲು ಮೇಲಿನ ಉದಾಹರಣೆಯಲ್ಲೇ ಹೇಳುತ್ತೇನೆ. 20ನೇ ತಾರೀಖಿನ ಲಾರಿ ಬಂದು ಖಾಲಿಯಾಗಿದೆ, ಆದರೆ ಅಡತಿಯವರ ಬಿಲ್ಲು ಬಂದಿಲ್ಲ ಎಂದು ಯಾರೂ ಎಂಟ್ರಿ ಹಾಕಿಲ್ಲ. 25ಕ್ಕೆ 200 ಕ್ವಿಂಟಲ್ ಕೊಟ್ಟದ್ದು ಮಾತ್ರ ಎಂಟ್ರಿ ಆಗಿದೆ. ಪುಸ್ತಕದಲ್ಲಿ ಇದ್ದದ್ದು 150, ಹೋದದ್ದು 200, ಅಂದರೆ ಸೊನ್ನೆಗಿಂತ 50 ಕೆಳಗೆ. ಕಂಪ್ಯೂಟರ್ ಹಳೆಯ 7,300ರ ದರದಲ್ಲೇ ಅಷ್ಟನ್ನೂ ಕಳೆದು 3,65,000 ಮೈನಸ್ ತೋರಿಸಿದೆ. 27ಕ್ಕೆ ಬಿಲ್ಲು ಬಂದು 11,85,000 ಸೇರಿಸಿದಾಗ 100 ಕ್ವಿಂಟಲ್‌ಗೆ 8,20,000 ಆಯಿತು. ಕ್ವಿಂಟಲ್‌ಗೆ 8,200! ಅತಿ ಹೆಚ್ಚಿನ ಖರೀದಿಯೇ 7,900 ಆಗಿರುವಾಗ.

ಅವನು ನನ್ನ ಉತ್ತರಕ್ಕೆ ಕಾಯಲಿಲ್ಲ. ಕಾಟಾ ಚೀಟಿಗಳ ಕಟ್ಟು ಆಗಲೇ ಅವನ ಕೈಯಲ್ಲಿತ್ತು, ಲಾರಿ ತೂಗಿದ ತಾರೀಖಿನ ಚೀಟಿಯನ್ನು ಎತ್ತಿ ತೋರಿಸಿದ. ಮಾಲು ಬಂದ ದಿನಕ್ಕೇ ಎಂಟ್ರಿಯ ತಾರೀಖು ತಿದ್ದಿದೆವು, ಉಳಿಕೆ ದರ 7,600ಕ್ಕೆ ಬಂದು ನಿಂತಿತು. ಈಗ ಲಾರಿ ಖಾಲಿಯಾದ ದಿನವೇ ತೂಕ ಎಂಟ್ರಿ ಆಗುತ್ತದೆ. ಬಿಲ್ಲು ಬಂದಿರದಿದ್ದರೆ ಸವಾಲಿನ ದರಕ್ಕೆ ಅಂದಾಜು ಖರ್ಚು ಸೇರಿಸಿ ಬರೆದು, ಬಿಲ್ಲು ಬಂದ ಮೇಲೆ ಅದೇ ತಾರೀಖಿನಲ್ಲಿ ದರ ತಿದ್ದುತ್ತೇವೆ. ಸ್ಟೇಟ್‌ಮೆಂಟ್ ನನಗೆ ಕೊಡುವ ಮುಂಚೆ ಅವನು ಪ್ರತಿ ಮಾಲಿನ ಉಳಿಕೆ ದರದ ಪಕ್ಕ ಆ ಅವಧಿಯ ಅತಿ ಕಡಿಮೆ ಮತ್ತು ಅತಿ ಹೆಚ್ಚಿನ ದರವನ್ನು ಪೆನ್ಸಿಲ್‌ನಲ್ಲಿ ಬರೆದು ತರುತ್ತಾನೆ. ಅತಿ ಕಡಿಮೆ ದರ ಹುಡುಕುವಾಗ ತಿಂಗಳ ಮೊದಲ ದಿನದ ಉಳಿಕೆಯ ದರವನ್ನೂ ನೋಡಬೇಕು ಎಂಬುದನ್ನು ನಾನು ಹೇಳಿಕೊಟ್ಟಿರಲಿಲ್ಲ, ಅವನೇ ಕಂಡುಕೊಂಡ.