ಮುಗಿಲು ಕಟ್ಟಿದರೆ ತಲೆ ಸಿಡಿಯುತ್ತದೆಯೇ? ಒಂದು ನೋಟ್‌ಬುಕ್ಕಿನಲ್ಲಿ ಲೆಕ್ಕ ಹಾಕುವುದು ಹೀಗೆ

ಕಲಬುರಗಿಯಲ್ಲಿ ನಮ್ಮ ವೈನಿ ಬ್ಲೌಸ್ ಹೊಲಿಯುತ್ತಾರೆ. ಮಳೆಗಾಲ ಬಂತೆಂದರೆ ಅವರದು ಒಂದೇ ಮಾತು: "ಮುಗಲು ಕಟ್ಟಿತಂದ್ರ ನನ್ನ ತಲಿ ಮೊದ್ಲೇ ಹೇಳ್ತದ ನೋಡು." ನೋವು ಎಡಗಣ್ಣಿನ ಮೇಲೆ ಶುರುವಾಗುತ್ತದೆ. ಹೊಟ್ಟೆ ತೊಳಸುತ್ತದೆ. ಟ್ಯೂಬ್‌ಲೈಟ್ ಬೆಳಕೂ ಬೇಡವಾಗುತ್ತದೆ. ಡಾಕ್ಟರು ಅದಕ್ಕೆ ಮೈಗ್ರೇನ್ ಎಂದು ಹೆಸರು ಹೇಳಿ ಆರು ವರ್ಷವಾಯಿತು. ಆದರೆ ಮಳೆಗೂ ಅದಕ್ಕೂ ನಂಟು ಇದೆ ಎಂದರೆ ಮನೆಯಲ್ಲಿ ಅರ್ಧ ಜನ ನಂಬುತ್ತಿರಲಿಲ್ಲ. ಹೋದ ಮಳೆಗಾಲದಲ್ಲಿ ನಾನೂ ಅವರೂ ಒಂದು ಇನ್ನೂರು ಪುಟದ ನೋಟ್‌ಬುಕ್ ಹಿಡಿದು ಕೂತೆವು. ಹೇಗೆ ಮಾಡಿದೆವು, ಎಲ್ಲಿ ಎಡವಿದೆವು ಎಂಬುದು ಇಲ್ಲಿದೆ.

ಗಾಳಿಯ ಒತ್ತಡ ಇಳಿದಾಗ ಕೆಲವರಿಗೆ ಮೈಗ್ರೇನ್ ಬರುತ್ತದೆ ಎಂಬುದು ಬರೀ ನಂಬಿಕೆಯಲ್ಲ. ಜಪಾನಿನಲ್ಲಿ 28 ರೋಗಿಗಳ ಒಂದು ವರ್ಷದ ತಲೆನೋವಿನ ಡೈರಿ ನೋಡಿದ ಅಧ್ಯಯನವೊಂದು 2011ರಲ್ಲಿ ಬಂತು. ಒಂದು ದಿನದಿಂದ ಇನ್ನೊಂದು ದಿನಕ್ಕೆ ಒತ್ತಡ 5 ಹೆಕ್ಟೊಪಾಸ್ಕಲ್‌ಗಿಂತ ಜಾಸ್ತಿ ಇಳಿಯುವ ಹೊತ್ತಿನಲ್ಲಿ ನೋವು ಹೆಚ್ಚಾಗಿದ್ದು ಅದರಲ್ಲಿ ಕಂಡಿತು. ಬೇರೆ ಕಡೆಯ ಅಧ್ಯಯನಗಳಲ್ಲಿ ಇಷ್ಟು ಸ್ಪಷ್ಟವಾಗಿ ಕಾಣಲಿಲ್ಲ. ಮೈಗ್ರೇನ್ ಇರುವ ಎಲ್ಲರಿಗೂ ಹವೆ ತಾಗುವುದಿಲ್ಲ ಎಂಬುದು ಇದಕ್ಕೆ ಒಂದು ಕಾರಣ. ಹಾಗಾಗಿ "ನನಗೆ ತಾಗುತ್ತದೆಯೇ" ಎಂದು ಮೊದಲು ನೋಡಿಕೊಳ್ಳಬೇಕು.

ಯಾವ ಸಂಖ್ಯೆ ನೋಡಬೇಕು, ಯಾವಾಗ ನೋಡಬೇಕು

ಫೋನಿನ ಹವಾಮಾನ ಆ್ಯಪ್‌ನಲ್ಲಿ ಒತ್ತಡ hPa, ಅಂದರೆ ಹೆಕ್ಟೊಪಾಸ್ಕಲ್ ಎಂಬ ಅಳತೆಯಲ್ಲಿ ಕಾಣುತ್ತದೆ. ಕೆಲವು ಆ್ಯಪ್‌ಗಳು mb ಎಂದು ತೋರಿಸುತ್ತವೆ, ಎರಡೂ ಒಂದೇ. ಮಳೆಗಾಲದಲ್ಲಿ ನಮ್ಮ ಕಡೆ ಇದು ಸಾವಿರದ ಆಸುಪಾಸು, ಸ್ವಲ್ಪ ಮೇಲೆ ಇರುತ್ತದೆ.

ವೈನಿ ಮೊದಲ ವಾರ ಬೆಳಿಗ್ಗೆ 10ಕ್ಕೆ ಮಷೀನ್ ಮುಂದೆ ಕೂರುವಾಗ ಒಮ್ಮೆ, ಸಂಜೆ 4ಕ್ಕೆ ಚಹಾ ಕುಡಿಯುವಾಗ ಒಮ್ಮೆ ನೋಡಿ ಬರೆದರು. ಪ್ರತಿ ದಿನವೂ 3–4 ಇಳಿದಿತ್ತು. "ದಿನಾ ಇಳೀತದಲ್ಲ, ಹಂಗಾರ ದಿನಾ ತಲಿ ನೋಯಬೇಕಿತ್ತಲ್ಲ?" ಎಂದರು. ಒಳ್ಳೆಯ ಪ್ರಶ್ನೆ. ಬಹಳ ಜನ ಇಲ್ಲೇ ಮೋಸ ಹೋಗುತ್ತಾರೆ.

ನಮ್ಮಂಥ ಬಿಸಿ ಸೀಮೆಯಲ್ಲಿ ಗಾಳಿಯ ಒತ್ತಡಕ್ಕೂ ಉಬ್ಬರ ಇಳಿತ ಇದೆ. ಬಿಸಿಲಿಗೆ ವಾತಾವರಣ ಕಾಯುವುದು, ರಾತ್ರಿ ತಣಿಯುವುದು ಇದಕ್ಕೆ ಕಾರಣ. ಬೆಳಿಗ್ಗೆ 10 ಮತ್ತು ರಾತ್ರಿ 10ರ ಸುಮಾರಿಗೆ ಒತ್ತಡ ಏರಿರುತ್ತದೆ, ಬೆಳಗಿನ ಜಾವ 4 ಮತ್ತು ಸಂಜೆ 4ರ ಸುಮಾರಿಗೆ ಇಳಿದಿರುತ್ತದೆ. ಆಕಾಶ ನಿಚ್ಚಳವಾಗಿದ್ದರೂ ಇದು ನಡೆಯುತ್ತದೆ. ಹಾಗಾಗಿ ಬೆಳಗಿನ ಸಂಖ್ಯೆಯನ್ನು ಸಂಜೆಯದಕ್ಕೆ ಹೋಲಿಸಬೇಡಿ. ಇವತ್ತಿನ 10 ಗಂಟೆಯನ್ನು ನಿನ್ನೆಯ 10 ಗಂಟೆಗೆ ಹೋಲಿಸಿ. ದಿನಕ್ಕೆ ಒಂದೇ ಸಲ ನೋಡಿದರೆ ಸಾಕು.

ಇಳಿತ ಎಷ್ಟಿದ್ದರೆ ಗುರುತು ಹಾಕಬೇಕು? ನಮ್ಮಲ್ಲಿ ಒಂದು ದಿನದಿಂದ ಇನ್ನೊಂದಕ್ಕೆ ಒತ್ತಡ ಅಷ್ಟೇನೂ ಬದಲಾಗುವುದಿಲ್ಲ. ಜಪಾನಿನ 5ರ ಗಡಿ ಇಟ್ಟರೆ ಇಡೀ ಮಳೆಗಾಲದಲ್ಲಿ ಬೆರಳೆಣಿಕೆ ದಿನ ಸಿಗಬಹುದು. ನಾವು 3 ಎಂದು ಇಟ್ಟುಕೊಂಡೆವು. ಅದು ವೈದ್ಯಕೀಯ ನಿಯಮವಲ್ಲ, ನಮ್ಮ ಅನುಕೂಲಕ್ಕೆ ಹಾಕಿಕೊಂಡ ಗೆರೆ.

ಸೆಪ್ಟೆಂಬರಿನ ಒಂದು ವಾರ ಹೀಗಿತ್ತು. ಸೋಮವಾರ 1009, ಮಂಗಳವಾರ 1008, ಬುಧವಾರ 1004, ಗುರುವಾರ 1003, ಶುಕ್ರವಾರ 1006. ಬುಧವಾರ ಮಾತ್ರ 4 ಇಳಿದಿದೆ, ಅದಕ್ಕೇ ಕೆಂಪು ಪೆನ್ನಿನ ಚುಕ್ಕೆ. ಗುರುವಾರದ ಸಂಖ್ಯೆ ಎಲ್ಲಕ್ಕಿಂತ ಕಡಿಮೆ, ಆದರೂ ಚುಕ್ಕೆ ಇಲ್ಲ. ನಾವು ಹಿಡಿಯಲು ಹೊರಟಿದ್ದು ಇಳಿಯುವುದನ್ನು, ಇಳಿದು ನಿಂತದ್ದನ್ನಲ್ಲ.

ತಾಳೆ ಆಗದ ದಿನಗಳನ್ನೂ ಎಣಿಸಿ

ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದು, ಬೇಜಾರಿನದೂ ಇದೇ. ಮೋಡ ಇದ್ದು ತಲೆ ನೋಯಿತೆಂದರೆ ವರ್ಷಗಟ್ಟಲೆ ನೆನಪಿರುತ್ತದೆ. ಮೋಡ ಇದ್ದೂ ತಲೆ ನೋಯದ ದಿನವನ್ನು ಯಾರು ನೆನಪಿಡುತ್ತಾರೆ? ಹಾಗಾಗಿ ಏನೂ ಆಗದ ದಿನವನ್ನೂ ಬರೆಯಬೇಕು. ಜೊತೆಗೆ ನಾಷ್ಟಾ ಎಷ್ಟು ಹೊತ್ತಿಗೆ, ನಿದ್ದೆ ಎಷ್ಟು ತಾಸು, ಮುಟ್ಟಿನ ದಿನ ಯಾವುದು, ಯಾವ ಗುಳಿಗೆ ತೆಗೆದುಕೊಂಡಿದ್ದು ಎಂಬ ನಾಲ್ಕು ಮಾತು.

ಆಗಸ್ಟ್ 15ರಿಂದ ಅಕ್ಟೋಬರ್ 13ರವರೆಗೆ, 60 ದಿನ ಬರೆದೆವು. ಕೆಂಪು ಚುಕ್ಕೆಯ ದಿನಗಳು 14. ಅವುಗಳಲ್ಲಿ ತಲೆನೋವು ಬಂದದ್ದು 6 ದಿನ. ಚುಕ್ಕೆ ಇಲ್ಲದ 46 ದಿನಗಳಲ್ಲಿ ಬಂದದ್ದು 5 ದಿನ. ಅಂದರೆ ಒತ್ತಡ ಇಳಿದ ದಿನ ಹತ್ತಕ್ಕೆ ನಾಲ್ಕು ಸಲ, ಉಳಿದ ದಿನ ಹತ್ತಕ್ಕೆ ಒಂದು ಸಲ. ವೈನಿಯ ತಲೆ ಸುಳ್ಳು ಹೇಳುತ್ತಿರಲಿಲ್ಲ. ಆದರೆ 8 ಸಲ ಒತ್ತಡ ಇಳಿದೂ ಏನೂ ಆಗಿರಲಿಲ್ಲ, ಅದನ್ನೂ ಅವರು ಒಪ್ಪಬೇಕಾಯಿತು. ಎರಡು ತಿಂಗಳ ಲೆಕ್ಕ ಚಿಕ್ಕದು, ಇದರಿಂದ ದೊಡ್ಡ ತೀರ್ಮಾನ ಬೇಡ. ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಪ್ರಮಾಣ ಬಂದರೆ ಮಾತ್ರ ಹವೆಯ ಚಿಂತೆ ಬಿಟ್ಟು ಬೇರೆ ಕಾರಣ ಹುಡುಕುವುದು ಒಳ್ಳೆಯದು.

ಆಮೇಲೆ ಆ 6 ದಿನಗಳನ್ನು ಮತ್ತೆ ಓದಿದೆವು. ನಾಲ್ಕು ದಿನ ನಾಷ್ಟಾ ತಪ್ಪಿತ್ತು, ಇಲ್ಲವೇ ಹಿಂದಿನ ರಾತ್ರಿ ಮದುವೆ ಆರ್ಡರ್ ಎಂದು ಒಂದು ಗಂಟೆವರೆಗೆ ಹೊಲಿದಿದ್ದರು. ಮೇಲೆ ಹೇಳಿದ ಬುಧವಾರವೂ ಹಾಗೇ: ಬೆಳಿಗ್ಗೆ ಬರೀ ಚಹಾ, ಮಧ್ಯಾಹ್ನ ಮೂರಕ್ಕೆ ಎರಡು ರೊಟ್ಟಿ, ಸಂಜೆ ಐದಕ್ಕೆ ನೋವು. ಏನೂ ಆಗದ 8 ದಿನಗಳಲ್ಲಿ ಹೀಗಾದದ್ದು ಒಂದೇ ಸಲ. ಹವೆ ಒಂದೇ ಬಂದರೆ ತಲೆ ತಡೆದುಕೊಳ್ಳುತ್ತದೆ, ಅದರ ಮೇಲೆ ಹಸಿವೂ ನಿದ್ದೆಗೇಡೂ ಸೇರಿದರೆ ತಡೆಯುವುದಿಲ್ಲ. ಹವೆ ನಮ್ಮ ಕೈಯಲ್ಲಿಲ್ಲ, ಉಳಿದ ಎರಡು ಇವೆ ಅಲ್ವಾ?

ಇನ್ನೊಂದು ಮಾತು. ಮಳೆ ಬಂದಾಗ ಮಿರ್ಚಿ ಭಜಿ ತಿಂದೇ ತಲೆನೋವು ಬರುತ್ತದೆ ಎಂದು ವೈನಿ ಭಜಿಯನ್ನೇ ಬಿಟ್ಟಿದ್ದರು. ಮೈಗ್ರೇನ್ ನೋವು ಶುರುವಾಗುವ ಒಂದೆರಡು ದಿನ ಮೊದಲೇ ಕೆಲವರಿಗೆ ಪದೇಪದೇ ಆಕಳಿಕೆ ಬರುತ್ತದೆ, ಕುತ್ತಿಗೆ ಬಿಗಿಯುತ್ತದೆ, ಏನಾದರೂ ತಿನ್ನಬೇಕೆಂಬ ಚಪಲ ಹುಟ್ಟುತ್ತದೆ. ಆಗ ಆ ಚಪಲವೇ ನೋವಿನ ಮೊದಲ ಹಂತ, ಭಜಿ ಕಾರಣವಲ್ಲ. ನೋಟ್‌ಬುಕ್ ನೋಡಿದ ಮೇಲೆ ಭಜಿಗೆ ಬಿಡುಗಡೆ ಸಿಕ್ಕಿತು.

ಚುಕ್ಕೆಯ ದಿನ ಏನು ಮಾಡುವುದು

ಸುದ್ದಿಯಲ್ಲಿ "ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ" ಎಂದು ಬಂದರೆ ಅದು ನಮಗೆ ಮುನ್ಸೂಚನೆ. ಕೊಲ್ಲಿಯ ಕುಸಿತ ಪಶ್ಚಿಮಕ್ಕೆ ಸರಿದು ನಮ್ಮ ಕಡೆ ಬರಲು ಒಂದೆರಡು ದಿನವಾದರೂ ಬೇಕು. 2020ರ ಅಕ್ಟೋಬರ್ 13ರಂದು ಕಾಕಿನಾಡ ಹತ್ತಿರ ದಡ ದಾಟಿದ ಕುಸಿತ ತೆಲಂಗಾಣದ ಮೇಲೆ ಹಾದು ನಮ್ಮ ಜಿಲ್ಲೆಗಳಿಗೆ ಬಂದಿತ್ತು. ಭೀಮಾ ನದಿ ಉಕ್ಕಿದ್ದು ಆ ವಾರವೇ. ಎಲ್ಲ ಕುಸಿತವೂ ಇತ್ತ ಬರುವುದಿಲ್ಲ, ಒಡಿಶಾ ಕಡೆಯಿಂದ ವಾಯವ್ಯಕ್ಕೆ ಹೋಗುವುದೇ ಜಾಸ್ತಿ. ತೆಲಂಗಾಣದ ಹೆಸರು ಬಂದರೆ ಮಾತ್ರ ವೈನಿ ತಯಾರಾಗುತ್ತಾರೆ.

ತಯಾರಿ ಎಂದರೆ ದೊಡ್ಡದೇನಲ್ಲ. ಕಣ್ಣಿಗೆ ಕಷ್ಟ ಕೊಡುವ ಕೆಲಸ, ಅಂದರೆ ಕಪ್ಪು ಬಟ್ಟೆ ಮೇಲಿನ ಕಪ್ಪು ದಾರದ ಹೆಮ್ಮಿಂಗ್, ಹಿಂದಿನ ದಿನವೇ ಮುಗಿಸುತ್ತಾರೆ ಅಥವಾ ಮುಂದೆ ಹಾಕುತ್ತಾರೆ. ಗಿರಾಕಿಗೆ ಆ ದಿನದ ವಾಯಿದೆ ಕೊಡುವುದಿಲ್ಲ. ಎಂಟೂವರೆಯೊಳಗೆ ನಾಷ್ಟಾ, ಒಂದಕ್ಕೆ ಊಟ, ದಿನದಂತೆ ಎರಡೇ ಕಪ್ ಚಹಾ. ಚಹಾ ಒಮ್ಮೆಲೇ ಬಿಟ್ಟರೂ ಕೆಲವರಿಗೆ ತಲೆ ಹಿಡಿಯುತ್ತದೆ. ಮೋಡದ ದಿನ ಬಾಯಾರಿಕೆ ಗೊತ್ತಾಗುವುದಿಲ್ಲ, ಬೆವರು ಮಾತ್ರ ಹರಿಯುತ್ತಲೇ ಇರುತ್ತದೆ. ಅದಕ್ಕೆ ಒಂದು ತಂಬಿಗೆ ಉಪ್ಪು ಹಾಕಿದ ಮಜ್ಜಿಗೆ ಮಷೀನ್ ಪಕ್ಕದಲ್ಲೇ ಇರುತ್ತದೆ. ಬಿಪಿ ಇರುವವರು ಉಪ್ಪಿನ ಮಾತು ಡಾಕ್ಟರನ್ನು ಕೇಳಿ.

ಮತ್ತೆ ಕೂಲರ್. ನಮ್ಮೂರಲ್ಲಿ ಮೇ ತಿಂಗಳಲ್ಲಿ ಅದಿಲ್ಲದೆ ಬದುಕಿಲ್ಲ. ಆದರೆ ಗಾಳಿ ಒಣಗಿದ್ದಾಗ ಮಾತ್ರ ಅದು ತಂಪು ಕೊಡುತ್ತದೆ, ನೀರು ಆರುವಾಗ ಬಿಸಿ ಹೀರುತ್ತದೆ. ಸೆಪ್ಟೆಂಬರಿನ ಕುದಿಯಲ್ಲಿ ಗಾಳಿಗೆ ಇನ್ನಷ್ಟು ನೀರು ಹಿಡಿಯಲು ಜಾಗವೇ ಇರುವುದಿಲ್ಲ. ಕಿಟಕಿ ಮುಚ್ಚಿ ಕೂಲರ್ ಹಾಕಿದರೆ ಕೋಣೆ ಹಬೆಯ ಪಾತ್ರೆಯಾಗುತ್ತದೆ, ಬೆವರು ಮೈಮೇಲೇ ನಿಲ್ಲುತ್ತದೆ. ಅದರ ಮೇಲೆ ಹಳೆಯ ಹುಲ್ಲಿನ ಪ್ಯಾಡಿನ ಮುಗ್ಗಲು ವಾಸನೆ. ಮೈಗ್ರೇನ್ ಇರುವ ಬಹಳ ಜನರಿಗೆ ವಾಸನೆಯೂ ಆಗುವುದಿಲ್ಲ. ಮಳೆ ಹಿಡಿದ ಮೇಲೆ ಪಂಪ್ ಬಂದ್ ಮಾಡಿ, ನೀರು ಖಾಲಿ ಮಾಡಿ, ಪ್ಯಾಡ್ ತೆಗೆದು ಬರೀ ಫ್ಯಾನ್ ಓಡಿಸಿ. ಎದುರುಬದುರು ಕಿಟಕಿ ತೆರೆದಿರಲಿ.

ಗುಳಿಗೆ ಆ್ಯಪ್ ನೋಡಿ ಅಲ್ಲ, ನೋವು ನೋಡಿ

ಆ್ಯಪ್‌ನಲ್ಲಿ ಇಳಿತ ಕಂಡಿತೆಂದು ಮುಂಚೆಯೇ ನೋವಿನ ಗುಳಿಗೆ ನುಂಗುವುದು ತಪ್ಪು. 14 ಚುಕ್ಕೆಗೆ 14 ಗುಳಿಗೆ ಎಂದಿದ್ದರೆ ವೈನಿ 8 ಸುಮ್ನೆ ನುಂಗುತ್ತಿದ್ದರು. ಪ್ಯಾರಾಸಿಟಮಾಲ್, ಐಬುಪ್ರೊಫೆನ್‌ನಂಥ ಸಾದಾ ಗುಳಿಗೆಯನ್ನು ತಿಂಗಳಿಗೆ 15 ದಿನ, ಮೈಗ್ರೇನಿಗೆಂದೇ ಕೊಡುವ ಟ್ರಿಪ್ಟಾನ್ ಅಥವಾ ಎರಡು ಮೂರು ಔಷಧ ಬೆರೆತ ಗುಳಿಗೆಯನ್ನು 10 ದಿನ ಮುಟ್ಟುವಷ್ಟು ಮೂರು ತಿಂಗಳು ಮೀರಿ ತೆಗೆದುಕೊಂಡರೆ ಗುಳಿಗೆಯಿಂದಲೇ ತಲೆನೋವು ಹುಟ್ಟಬಹುದು. ಆಗ ಹವೆ ಚೆನ್ನಾಗಿದ್ದರೂ ನೋವು ಬರುತ್ತದೆ. ನೋಟ್‌ಬುಕ್ಕಿನಲ್ಲಿ ಗುಳಿಗೆಯ ದಿನಗಳನ್ನು ಎಣಿಸುವುದು ಇದಕ್ಕೇ.

ಹಾಗೆಂದು ನೋವು ಶುರುವಾದ ಮೇಲೆ ಸಹಿಸಿಕೊಂಡು ಕೂರುವುದೂ ಬೇಡ. ಮೈಗ್ರೇನ್ ಜೋರಾದಾಗ ಹೊಟ್ಟೆಯ ಕೆಲಸ ನಿಧಾನವಾಗುತ್ತದೆ, ತಡವಾಗಿ ನುಂಗಿದ್ದು ಸರಿಯಾಗಿ ಹತ್ತುವುದಿಲ್ಲ. ಯಾವ ಗುಳಿಗೆ, ಎಷ್ಟು, ವಾಂತಿಗೆ ಏನು ಎಂದು ಡಾಕ್ಟರಿಂದ ಮೊದಲೇ ಚೀಟಿಯಲ್ಲಿ ಬರೆಸಿಕೊಳ್ಳಿ. ಹೃದಯದ ತೊಂದರೆ ಇದ್ದವರಿಗೆ ಟ್ರಿಪ್ಟಾನ್ ಕೊಡುವುದಿಲ್ಲ, ಅದನ್ನು ಹೇಳಲು ಮರೆಯಬೇಡಿ. ಒಮ್ಮೆಲೇ ಸಿಡಿಲು ಹೊಡೆದಂತೆ ಬಂದ ನೋವು, ಜ್ವರದ ಜೊತೆ ಕುತ್ತಿಗೆ ಸೆಡೆತ, ಕೈಕಾಲು ಸೋಲುವುದು, ಮಾತು ತೊದಲುವುದು, ಇವುಗಳಿಗೆ ಮೋಡದ ನೆಪ ಹೇಳಿ ಮನೆಯಲ್ಲಿ ಉಳಿಯಬೇಡಿ. ಕೂಡಲೇ ಆಸ್ಪತ್ರೆಗೆ ಹೋಗಿ.

ಕೊನೆಗೆ ಫೋನಿನ ಒಂದು ತಮಾಷೆ. ಕೆಲವು ಫೋನುಗಳಲ್ಲಿ ಒತ್ತಡ ಅಳೆಯುವ ಸೆನ್ಸರ್ ಇರುತ್ತದೆ. ಅದು ನೀವು ನಿಂತ ಜಾಗದ ಒತ್ತಡ ಹೇಳುತ್ತದೆ. ಸುದ್ದಿಯಲ್ಲಿ ಬರುವುದು ಸಮುದ್ರ ಮಟ್ಟಕ್ಕೆ ಲೆಕ್ಕ ಹಾಕಿದ ಸಂಖ್ಯೆ. ದೀಪಾವಳಿಗೆ ವೈನಿ ರೈಲಿನಲ್ಲಿ ಬೀದರಿಗೆ ತವರಿಗೆ ಹೋದರು, ಮಗನ ಹೊಸ ಫೋನ್ ಕೈಯಲ್ಲಿತ್ತು. ಬೀದರ್ ಕಲಬುರಗಿಗಿಂತ ಸುಮಾರು 200 ಮೀಟರ್ ಎತ್ತರ, ಹತ್ತಿರ ಹತ್ತಿರ ಒಂಬತ್ತು ಮೀಟರಿಗೆ ಒಂದರಂತೆ ಒತ್ತಡ ಇಳಿಯುತ್ತದೆ. ಸ್ಟೇಷನ್‌ನಲ್ಲಿ ಇಳಿದು ನೋಡಿದರೆ ಇಪ್ಪತ್ತಕ್ಕೂ ಜಾಸ್ತಿ ಕಡಿಮೆ. ಯಾವ ವಾಯುಭಾರ ಕುಸಿತವೂ ಅಷ್ಟು ಇಳಿಸಿರಲಿಲ್ಲ. ಫೋನ್ ಮಾಡಿ ಹೇಳಿದರು: "ಇಪ್ಪತ್ತೆರಡು ಇಳದದ, ತಲಿ ಆರಾಮ ಅದ. ನಾಷ್ಟಾ ಮಾಡಿ ಬಂದೀನಿ. ಇದಕ್ಕೂ ಚುಕ್ಕಿ ಹಾಕ್ಲೇನು?"

ಬೇಡ ಎಂದೆ. ಊರು ಬಿಟ್ಟ ದಿನ ಲೆಕ್ಕಕ್ಕಿಲ್ಲ ಎಂದು ನೋಟ್‌ಬುಕ್ಕಿನಲ್ಲಿ ಅಡ್ಡ ಗೆರೆ ಎಳೆದೆವು.